ಮೂವತ್ತು ಸೆಕೆಂಡಿನ ಶೇಂಗಾ ಚಟ್ನಿ

ವಿದೇಶದ ಕನ್ನಡಿಗರಿಗೆ ಊರಿನ ತಿನಿಸು ಮಾರುವ ಜಾಹೀರಾತೆಂದರೆ ಕೊಳಲಿನ ದನಿ, ಮಳೆ, ಕಣ್ಣೊರೆಸುವ ತಾಯಿ. ನೋಡಿದವರಿಗೆ ಊರು ನೆನಪಾಗುತ್ತದೆ, ಅಂಗಡಿಯ ಹೆಸರಲ್ಲ.

30 ಸೆಕೆಂಡಿಗೆ 50 ಪದ ಹಿಡಿಸಿದರೆ ಹೆಚ್ಚು. ಹಾಗಾಗಿ ಒಂದೇ ತಿನಿಸು, ಒಂದೇ ಸೀಮೆಯ ಮಾತು ಸಾಕು. ಡಾಲಸ್‌ನಲ್ಲಿರುವ ಧಾರವಾಡದ ಮಗನಿಗೆ ಶೇಂಗಾ ಚಟ್ನಿ ಮಾರಬೇಕೆನ್ನಿ. ಫೋನಿನಲ್ಲಿ ಅವನು, “ಅವ್ವಾ, ಚಟ್ನಿ ಡಬ್ಬಿ ತಳ ಕಂಡೈತಿ.” ಅವ್ವ, “ರೊಟ್ಟಿ ಅದಾವೇನು, ಅವೂ ಮುಗದಾವು?” ಇಲ್ಲಿಗೆ 10 ಸೆಕೆಂಡು. ಇದನ್ನೇ ಬೆಂಗಳೂರಿನ ಕನ್ನಡದಲ್ಲಿ ಆಡಿಸಿದರೆ ಧಾರವಾಡದವರು ಅಲ್ಲೇ ಕಿವಿ ಮುಚ್ಚಿಕೊಳ್ಳುತ್ತಾರೆ.

ಉಳಿದ ಹೊತ್ತು ಕೊಳ್ಳುವವನ ಅನುಮಾನಕ್ಕೆ ಮೀಸಲು. ಶೇಂಗಾ ಎಣ್ಣೆ ಬಿಡುತ್ತದೆ, ಹಳೆಯದಾದರೆ ಕಮಟು ಹೊಡೆಯುತ್ತದೆ. ಆದ್ದರಿಂದ ಕುಟ್ಟಿದ್ದು ಯಾವಾಗ, ಗಾಳಿಯಾಡದಂತೆ ಕಟ್ಟಿದ್ದು ಹೇಗೆ, ಸಾಗಣೆ ವೆಚ್ಚ ಸೇರಿ ಎಷ್ಟು ಡಾಲರ್, ಎಷ್ಟು ದಿನದಲ್ಲಿ ಮನೆಗೆ ಎಂಬುದನ್ನು ಹೇಳಲೇಬೇಕು. “ಅಮ್ಮನ ಕೈರುಚಿ” ಎಂಬ ಸವಕಲು ಮಾತನ್ನು ಹೊಡೆದುಹಾಕಿದರೆ ಇದಕ್ಕೆಲ್ಲ ಜಾಗ ಸಿಗುತ್ತದೆ.

ಅದೇ ಸ್ಕ್ರಿಪ್ಟನ್ನು ಪೇಡೆಗೆ ತಿದ್ದಿ ಸಿಡ್ನಿಗೆ ಕಳಿಸುವ ಮುನ್ನ ಮಾತ್ರ ನಿಲ್ಲಬೇಕು. ಹಾಲಿನ ಪದಾರ್ಥಗಳ ವಿಷಯದಲ್ಲಿ ಆಸ್ಟ್ರೇಲಿಯಾದ ತಪಾಸಣೆ ಬಲು ಬಿಗಿ. ಪೊಟ್ಟಣ ಅಲ್ಲೇ ಕಸದ ಪಾಲಾದೀತು.