ಕೊನೆಯ ಎಸೆತಕ್ಕೆ ಆರು ರನ್, ಎದುರಿಗೆ ತಳ ಹಿಡಿದ ಹಾಲಿನ ಪಾತ್ರೆ

1938ರಲ್ಲಿ ಆಸ್ಟ್ರೇಲಿಯಾ ತಂಡ ಇಂಗ್ಲೆಂಡ್ ಪ್ರವಾಸದಲ್ಲಿದ್ದಾಗ ಸಿಡ್ನಿಯ ರೇಡಿಯೊ ಸ್ಟುಡಿಯೊದಲ್ಲಿ ಕೂತ ಕೆಲವರು ತಮ್ಮ ಕಣ್ಣಿಗೆ ಕಾಣದ ಪಂದ್ಯಕ್ಕೆ ಕಾಮೆಂಟರಿ ಹೇಳಿದರು. ಇಂಗ್ಲೆಂಡಿನಿಂದ ತಂತಿ ಸಂದೇಶಗಳು ಬರುತ್ತಿದ್ದವು. ಯಾವ ಎಸೆತ, ಎಷ್ಟು ರನ್, ಚೆಂಡು ಯಾವ ಕಡೆ ಹೋಯಿತು ಎಂಬಷ್ಟು ಅದರಲ್ಲಿ ಇರುತ್ತಿತ್ತು. ಉಳಿದದ್ದನ್ನೆಲ್ಲ ಮಾತಿನಲ್ಲಿ ಕಟ್ಟಬೇಕು. ಬ್ಯಾಟಿಗೆ ಚೆಂಡು ತಾಗಿದ ಸದ್ದಿಗೆ ಪೆನ್ಸಿಲಿನಿಂದ ಮರದ ತುಂಡಿಗೆ ಬಡಿದರು, ಜನರ ಗದ್ದಲಕ್ಕೆ ಧ್ವನಿಮುದ್ರಿಕೆ ಹಾಕಿದರು. ಮುಂದೆ ಬಹಳ ಹೆಸರಾದ ಅಲನ್ ಮೆಕ್‌ಗಿಲ್‌ವ್ರೇ ಆ ತಂಡದಲ್ಲಿದ್ದರು. ಕೇಳುಗರು ರಾತ್ರಿಯೆಲ್ಲ ರೇಡಿಯೊ ಬಿಟ್ಟು ಏಳಲಿಲ್ಲ.

ಪೆನ್ಸಿಲು, ಮರದ ತುಂಡಿನಿಂದ ಟೆಸ್ಟ್ ಪಂದ್ಯ ಕಟ್ಟಬಹುದಾದರೆ, ಸ್ಟೀಲ್ ತಟ್ಟೆ ಮತ್ತು ನಲ್ಲಿ ನೀರಿನಿಂದಲೂ ಕಟ್ಟಬಹುದು. ಮನೆಗೆಲಸಕ್ಕೆ ಕ್ರಿಕೆಟ್ ಕಾಮೆಂಟರಿ ಹೇಳುವ ಅಣಕು ನಿಂತಿರುವುದು ಈ ಅಡಿಪಾಯದ ಮೇಲೆ. ಪಂದ್ಯ ದೊಡ್ಡದೋ ಚಿಕ್ಕದೋ ಎನ್ನುವುದನ್ನು ಕೇಳುಗರ ಕಿವಿಗೆ ತೀರ್ಮಾನಿಸುವುದು ಹೇಳುವ ಕ್ರಮ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಆಟಗಳೆಲ್ಲ ನಿಂತಾಗ ಇದು ಜಗತ್ತಿಗೇ ಕಂಡಿತು. ಬ್ರಿಟನ್ನಿನ ರಗ್ಬಿ ಕಾಮೆಂಟೇಟರ್ ನಿಕ್ ಹೀತ್ ರಸ್ತೆ ದಾಟುವ ಜನರನ್ನೂ ಉದ್ಯಾನದಲ್ಲಿ ಅಡ್ಡಾಡುವವರನ್ನೂ ಚಿತ್ರಿಸಿ ಅದಕ್ಕೆ ಪಂದ್ಯದ ವಿವರಣೆ ಕೊಟ್ಟರು. ಬಿಬಿಸಿಯಲ್ಲಿ ಗಾಲ್ಫ್, ರಗ್ಬಿಗೆ ಕಾಮೆಂಟರಿ ಹೇಳುತ್ತಿದ್ದ ಆಂಡ್ರ್ಯೂ ಕಾಟರ್ ತಮ್ಮ ಮನೆಯ ಎರಡು ಲ್ಯಾಬ್ರಡಾರ್ ನಾಯಿಗಳು, ಆಲಿವ್ ಮತ್ತು ಮೇಬಲ್, ಬಟ್ಟಲಿನ ಊಟ ಮುಗಿಸುವುದನ್ನು ಫೈನಲ್ ಪಂದ್ಯದಂತೆ ವಿವರಿಸಿದರು. ಲಕ್ಷಾಂತರ ಜನ ನೋಡಿದರು. ಆ ವಿಡಿಯೊವನ್ನು ಗಮನವಿಟ್ಟು ಕೇಳಿದರೆ ಒಂದು ಸಂಗತಿ ತಿಳಿಯುತ್ತದೆ: ಕಾಟರ್ ಎಲ್ಲೂ ನಗುವುದಿಲ್ಲ. ದೊಡ್ಡ ಪಂದ್ಯದ ದಿನ ಅವರ ದನಿ ಹೇಗಿರುತ್ತದೋ ಹಾಗೆಯೇ ಇದೆ. ಹೇಳುವವನೇ ನಕ್ಕರೆ ಅಣಕು ಅಲ್ಲಿಗೇ ಮುಗಿಯುತ್ತದೆ.

ಮಕ್ಕಳಿಗೆ ಇದು ಹೇಳಿಕೊಡದೆಯೇ ಬರುತ್ತದೆ. ಅಮೆರಿಕದ ಭಾಷಾವಿಜ್ಞಾನಿ ಸೂಸನ್ ಹೋಯ್ಲ್, ಹುಡುಗರು ತಾವೇ ಆಡುತ್ತ ತಮ್ಮ ಆಟಕ್ಕೆ ತಾವೇ ಕಾಮೆಂಟರಿ ಹೇಳಿಕೊಳ್ಳುವುದನ್ನು ಅಧ್ಯಯನ ಮಾಡಿ 1991ರಲ್ಲಿ ಪ್ರಕಟಿಸಿದರು. ನಮ್ಮ ಗಲ್ಲಿ ಕ್ರಿಕೆಟ್ ನೋಡಿದ ಯಾರಿಗೂ ಇದರಲ್ಲಿ ಅಚ್ಚರಿಯಿಲ್ಲ. ಅದಕ್ಕೂ ಮೊದಲು, 1983ರಲ್ಲಿ, ಚಾರ್ಲ್ಸ್ ಫರ್ಗ್ಯುಸನ್ ಎಂಬ ವಿದ್ವಾಂಸರು ಆಟದ ಪ್ರಸಾರಕರ ಭಾಷೆಗೆ ತನ್ನದೇ ವ್ಯಾಕರಣ ಇದೆ ಎಂದು ತೋರಿಸಿದ್ದರು. ವಾಕ್ಯದಿಂದ ಕೆಲವು ಪದ ಉದುರುತ್ತವೆ, ಪದಗಳ ಕ್ರಮ ತಿರುಗುಮುರುಗಾಗುತ್ತದೆ.

ಕನ್ನಡಕ್ಕೆ ಇಲ್ಲಿ ಎರಡು ಅನುಕೂಲಗಳಿವೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಯಲ್ಲಿ. “ಚೆಂಡು ಗಾಳಿಯಲ್ಲಿ, ಲಾಂಗ್ ಆನ್ ಕಡೆಗೆ, ಕೆಳಗೆ ಫೀಲ್ಡರ್, ಎರಡೂ ಕೈ ಚಾಚಿ...” ಎನ್ನುವವರೆಗೂ ಹಿಡಿದರೋ ಬಿಟ್ಟರೋ ಗೊತ್ತಿಲ್ಲ. ಕುತೂಹಲವನ್ನು ಭಾಷೆಯೇ ಕೊನೆಯವರೆಗೆ ಹಿಡಿದಿಡುತ್ತದೆ. ಎರಡನೆಯದು ಬಹುವಚನದ ಗೌರವ. ಮನೆಯಲ್ಲಿ ದಿನವಿಡೀ “ಏ ಬಾರೋ, ಹೋಗೋ” ಎನಿಸಿಕೊಳ್ಳುವ ತಮ್ಮ, ಮೈಕಿನ ಮುಂದೆ “ಕ್ರೀಸಿಗೆ ಬರುತ್ತಿದ್ದಾರೆ”. 2018ರ ಐಪಿಎಲ್‌ನಿಂದ ಟೀವಿಯಲ್ಲಿ ಕನ್ನಡ ಕಾಮೆಂಟರಿ ಕೇಳಿ ಬೆಳೆದ ಮಕ್ಕಳಿಗೆ ಈ ಧಾಟಿ ಚೆನ್ನಾಗಿ ಗೊತ್ತು.

ಮನೆಗೆಲಸವನ್ನು ಪಂದ್ಯ ಮಾಡಲು ಮೂರು ಬೇಕು: ಎಸೆತಗಳ ಮಿತಿ, ಅಂಕದ ಲೆಕ್ಕ, ಪ್ರಶ್ನಿಸಲಾಗದ ಅಂಪೈರ್. ಕಸ ಗುಡಿಸುವುದು ಇದಕ್ಕೆ ಒಗ್ಗುವುದಿಲ್ಲ, ಏಕೆಂದರೆ ಅಲ್ಲಿ ಒಂದು ಎಸೆತ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ಪಾತ್ರೆ ತೊಳೆಯುವುದು ಹೇಳಿ ಮಾಡಿಸಿದ ಕೆಲಸ. ಒಂದು ಪಾತ್ರೆ ಒಂದು ಎಸೆತ, ಆರು ಪಾತ್ರೆ ಒಂದು ಓವರ್. ಲೋಟ, ಸೌಟಿಗೆ 1 ರನ್. ತಟ್ಟೆಗೆ, ಸಾರಿನ ಪಾತ್ರೆಗೆ 2. ಕುಕ್ಕರಿಗೆ 4, ಆದರೆ ಗ್ಯಾಸ್ಕೆಟ್ ಬಿಚ್ಚಿ ಅದರ ಸಂದಿಯ ಬೇಳೆ ತೆಗೆದಿದ್ದರೆ ಮಾತ್ರ. ತಳ ಹಿಡಿದ ಹಾಲಿನ ಪಾತ್ರೆಗೆ 6. ಜಿಡ್ಡು, ಸೋಪು ಅಥವಾ ಕಲೆ ಉಳಿದರೆ ಸೊನ್ನೆ. ವೇಗಕ್ಕೆ ಅಂಕ ಇಡಲೇಬಾರದು. ಅವಸರಕ್ಕೆ ಬಹುಮಾನ ಸಿಕ್ಕಿದರೆ ಗಾಜಿನ ಲೋಟ ಒಡೆಯುತ್ತದೆ, ಈಳಿಗೆ ಮಣೆ ಬೆರಳು ಕುಯ್ಯುತ್ತದೆ. ಗಾಜು, ಚಾಕು, ಈಳಿಗೆಗಳನ್ನು ಪಂದ್ಯದಿಂದ ಹೊರಗಿಡಬೇಕು. ಸಮಯದ ಒತ್ತಡ ಬೇಕೆಂದರೆ ಅದನ್ನು ನಲ್ಲಿಯೇ ಕೊಡುತ್ತದೆ; ಹೊತ್ತಿಗೆ ಬಂದು ಹೊತ್ತಿಗೆ ನಿಲ್ಲುವ ಕೊಳಾಯಿ ನಮ್ಮ ಎಷ್ಟೋ ಊರುಗಳಲ್ಲಿದೆ.

ಈ ನಿಯಮಗಳಿಗೆ ಒಂದು ಮಾದರಿ ಪಂದ್ಯ ಕಟ್ಟಿ ನೋಡೋಣ. ಕಣದಲ್ಲಿ ಅಕ್ಕ ಮತ್ತು ತಮ್ಮ. ಎಸೆತದಿಂದ ಎಸೆತಕ್ಕೆ ವಿವರಣೆ ಅಪ್ಪನದು, ಪರಿಣತರ ಪೀಠದಲ್ಲಿ ಅಜ್ಜಿ, ಥರ್ಡ್ ಅಂಪೈರ್ ಅಮ್ಮ. ಕಾಮೆಂಟರಿಗೆ ಇಬ್ಬರು ಬೇಕೇ ಬೇಕು. ಒಬ್ಬರು ಏನಾಯಿತು ಎನ್ನಬೇಕು, ಇನ್ನೊಬ್ಬರು ಯಾಕಾಯಿತು ಎನ್ನಬೇಕು. 1930ರ ದಶಕದ ಮುಂಬೈಯಲ್ಲಿ ಬಾಬಿ ತಲ್ಯಾರ್‌ಖಾನ್ ದಿನವಿಡೀ ಒಬ್ಬರೇ ಹೇಳುತ್ತಿದ್ದರು, ಅದು ಎಲ್ಲರಿಗೂ ಆಗುವ ಮಾತಲ್ಲ.

ಟಾಸ್ ಗೆದ್ದ ಅಕ್ಕ ಕುಕ್ಕರನ್ನು ತನ್ನ ಪಾಲಿಗೆ ಆರಿಸಿಕೊಂಡಳು. ಹಾಲಿನ ಪಾತ್ರೆ ತಮ್ಮನಿಗೆ ಬಿತ್ತು.

“ಮೊದಲ ಎಸೆತ, ತಟ್ಟೆ. ಅಂಚಿನಲ್ಲಿ ಒಣಗಿದ ಅನ್ನದ ಅಗಳು. ನಾರು ಹಿಡಿದರು, ಅಂಚಿನ ಸುತ್ತ ಒಂದು ಸುತ್ತು, ನೀರಿಗೆ ಒಡ್ಡಿದರು... ಎರಡು ರನ್! ಅಕ್ಕ ಖಾತೆ ತೆರೆದಿದ್ದಾರೆ.”

ಎರಡನೆಯದು ಕುಕ್ಕರ್, ಗ್ಯಾಸ್ಕೆಟ್ ಸಮೇತ ನಾಲ್ಕು. ಒಟ್ಟು 6. ಮೂರನೆಯದು ಲೋಟ. ಕೈ ಒಳಗೆ ಹೋಗದ ಉದ್ದನೆಯ ಲೋಟ, ಅಮ್ಮನ ಬೆರಳು ತಳಕ್ಕೆ ಹೋಗಿ ಬಂದಾಗ ತುದಿಯಲ್ಲಿ ಸೋಪು.

“ಇಲ್ಲಿ ಏಕಾಗ್ರತೆ ತಪ್ಪಿತು ನೋಡಿ,” ಅಜ್ಜಿ ಮೈಕಿಗೆ ಬಾಗಿದರು. “ಬೌಂಡರಿ ಹೊಡೆದ ಮೇಲಿನ ಎಸೆತದಲ್ಲೇ ಹೀಗಾಗೋದು. ನಮ್ಮ ಕಾಲದಲ್ಲಿ ಸೋಪೆಲ್ಲಿತ್ತು? ಬೂದಿ, ತೆಂಗಿನ ನಾರು. ಆ ಪಿಚ್ಚಿನ ಮೇಲೆ ಆಡಿದವರಿಗೆ ಇಂಥ ಸೊನ್ನೆ ಬರ್ತಿರಲಿಲ್ಲ.”

ನಂತರ ತಟ್ಟೆಗೆ 2, ಲೋಟಕ್ಕೆ 1, ಸಾರಿನ ಪಾತ್ರೆಗೆ 2. ಓವರ್ ಮುಗಿದಾಗ 11. ತಮ್ಮನಿಗೆ ಗುರಿ 12.

ತಮ್ಮ ಬ್ಯಾಟಿಂಗಿಗೆ ಬಂದವನು ಮೊದಲು ಮಾಡಿದ ಕೆಲಸವನ್ನು ಅಪ್ಪ ಗಮನಿಸಲಿಲ್ಲ, ಅಜ್ಜಿ ಗಮನಿಸಿದರು. ಹಾಲಿನ ಪಾತ್ರೆಗೆ ಬಿಸಿನೀರು ಸುರಿದು, ಒಂದು ಚಮಚ ಅಡುಗೆ ಸೋಡ ಹಾಕಿ ಪಕ್ಕಕ್ಕಿಟ್ಟಿದ್ದ. ಸೀದ ಹಾಲಿನಲ್ಲಿ ಪ್ರೋಟೀನು ಮತ್ತು ಸಕ್ಕರೆ ಗಟ್ಟಿಯಾಗಿ ಲೋಹಕ್ಕೆ ಅಂಟಿರುತ್ತವೆ. ಒಣದರಲ್ಲಿ ಉಜ್ಜಿದರೆ ತೋಳು ನೋಯುತ್ತದೆಯೇ ಹೊರತು ಪದರ ಏಳುವುದಿಲ್ಲ; ಸೋಡದ ಬಿಸಿನೀರು ಅದನ್ನು ಮೆತ್ತಗೆ ಮಾಡಿ ಬಿಡಿಸುತ್ತದೆ. ಪರಿಣತರ ಮಾತು ಎಂದರೆ ಇದು. ಪಾತ್ರೆ ತೊಳೆಯುವ ವಿದ್ಯೆ ಬಲ್ಲವರು ಪೀಠದಲ್ಲಿ ಇಲ್ಲದಿದ್ದರೆ ಅಣಕು ಬರೀ ಕೂಗಾಟವಾಗುತ್ತದೆ.

ಎರಡು ತಟ್ಟೆ, 4 ರನ್. ಒಂದು ಲೋಟ, 5. ಮುಂದಿನ ಲೋಟದ ಹೊರಗೆ ಕಾಫಿಯ ಕರೆ, ಸೊನ್ನೆ. ಸೌಟು, 6. ಕೊನೆಯ ಎಸೆತಕ್ಕೆ ಬೇಕಿರುವುದು ಆರು.

ಇಲ್ಲಿ ಮಾತಿನ ವೇಗ ಏರಿಸುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಆದರೆ 2016ರ ಮಾರ್ಚ್ 23ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಏನಾಯಿತು ಎಂದು ನೆನೆಯಬೇಕು. ಬಾಂಗ್ಲಾದೇಶಕ್ಕೆ 3 ಎಸೆತಕ್ಕೆ 2 ರನ್ ಸಾಕಿತ್ತು. ಹಾರ್ದಿಕ್ ಪಾಂಡ್ಯ ಬೌಲಿಂಗಿನಲ್ಲಿ ಎರಡು ಎಸೆತಕ್ಕೆ ಎರಡು ಕ್ಯಾಚ್. ಕೊನೆಯ ಎಸೆತಕ್ಕೆ ಮೊದಲು ದೀರ್ಘ ಸಮಾಲೋಚನೆ, ಫೀಲ್ಡಿಂಗ್ ಬದಲಾವಣೆ, ಧೋನಿ ಬಲಗೈಯ ಗ್ಲೌಸ್ ತೆಗೆದದ್ದು. ಆಮೇಲೆ ಚೆಂಡು ಬ್ಯಾಟಿಗೆ ಸಿಗಲಿಲ್ಲ, ಧೋನಿ ಓಡಿ ಬಂದು ಬೇಲ್ಸ್ ಎಗರಿಸಿದರು, ಭಾರತ ಒಂದು ರನ್ನಿನಿಂದ ಗೆದ್ದಿತು. ಆ ಓಟಕ್ಕೆ ಹಿಡಿದದ್ದು ಕೆಲವೇ ಕ್ಷಣ. ನೋಡಿದವರ ಎದೆ ಹೊಡೆದುಕೊಂಡದ್ದು ಅದಕ್ಕೆ ಮೊದಲಿನ ಕಾಯುವಿಕೆಯಲ್ಲಿ. ಕೊನೆಯ ಎಸೆತದ ಕಾಮೆಂಟರಿಯೂ ಅಲ್ಲಿ ನಿಧಾನವಾಗಬೇಕು, ಕಾಣುವ ಸಣ್ಣಸಣ್ಣ ಸಂಗತಿಗಳನ್ನು ಒಂದೊಂದಾಗಿ ಎಣಿಸಬೇಕು.

“ತಮ್ಮ ನೀರು ಚೆಲ್ಲಿದರು. ತೋಳು ಮಡಚಿದರು. ನಾರು ಬದಲಾಯಿಸಿದರು, ಸ್ಟೀಲ್ ನಾರು ಕೈಗೆ ಬಂದಿದೆ. ಅಕ್ಕ ಸಿಂಕಿನ ಪಕ್ಕಕ್ಕೆ, ಹತ್ತಿರದ ಫೀಲ್ಡಿಂಗ್. ಉಜ್ಜುತ್ತಿದ್ದಾರೆ... ಪದರ ಏಳುತ್ತಿದೆ... ಪಾತ್ರೆ ತುಂಬ ನೊರೆ, ನಲ್ಲಿಯ ಕಡೆಗೆ ಕೈ... ನೀರು ನಿಂತಿತು!”

ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಪಾತ್ರೆಯ ತಳ ನೊರೆಯ ಕೆಳಗೆ. ಅಕ್ಕನ ಪಕ್ಕದಲ್ಲಿ ಮಾತ್ರ ಮೊದಲೇ ಹಿಡಿದಿಟ್ಟ ಒಂದು ಚೊಂಬು ನೀರು.

“ಅಕ್ಕಾ, ಆ ನೀರು ಕೊಡೇ.”

“ಸೋತೆ ಅಂತ ಒಪ್ಕೋ, ಕೊಡ್ತೀನಿ ಕಣೋ.”

“ತೊಳೀದೆ ತೀರ್ಪಿಲ್ಲ,” ಅಮ್ಮ ಎಂದರು. “ಹುಯ್ಯಿ.”

ಅಕ್ಕನೇ ಹುಯ್ದಳು. ನೊರೆ ಇಳಿಯಿತು, ತಳ ಬೆಳ್ಳಗಿತ್ತು, ಒಂದು ಮೂಲೆಯಲ್ಲಿ ಮಾತ್ರ ಕಡಲೆಯಷ್ಟು ಕಪ್ಪು. “ಔಟ್!” ಎಂದು ಅಕ್ಕ ಕೂಗಿ ಆಗಿತ್ತು. ಅಮ್ಮ ಪಾತ್ರೆಯನ್ನು ದೀಪದ ಕೆಳಗೆ ಹಿಡಿದು ಕಪ್ಪಿನ ಮೇಲೆ ಉಗುರು ಎಳೆದರು. ಸೀದ ಹಾಲಾದರೆ ಉಗುರಿಗೆ ತಡೆಯುತ್ತದೆ, ಪುಡಿ ಉದುರುತ್ತದೆ. ಲೋಹವೇ ಬಣ್ಣಗೆಟ್ಟಿದ್ದರೆ ಉಗುರು ಜಾರುತ್ತದೆ. ಉಗುರು ಜಾರಿತು. ಇನ್ನೊಮ್ಮೆ ಅಡ್ಡಕ್ಕೆ ಎಳೆದರು, ಆಗಲೂ ಜಾರಿತು.

“ಹಳೇ ಕಲೆ. ಆರು.”

ಅಪ್ಪನ ಮಾತು ತಮ್ಮನ ಕೂಗಿನಲ್ಲಿ ಮುಳುಗಿತು. ಪಂದ್ಯದ ನಂತರದ ಸಂದರ್ಶನದಲ್ಲಿ ಅಕ್ಕನ ದೂರು ಬೇರೆಯೇ: ತನ್ನ ಓವರಿಗಿಲ್ಲದ ನೆನೆಹಾಕುವ ಅನುಕೂಲ ಅವನಿಗೆ ಯಾಕೆ? ದೂರಿನಲ್ಲಿ ಹುರುಳಿದೆ. ಎರಡನೇ ಪಂದ್ಯಕ್ಕೆ ಹಾಲಿನ ಪಾತ್ರೆ ಯಾರಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು, ನೆನೆಹಾಕುವ ಹಕ್ಕು ಟಾಸ್ ಆದ ಮೇಲೆ ಇಬ್ಬರಿಗೂ ಇರಬೇಕು. ಮೊದಲೇ ಹಿಡಿದಿಟ್ಟ ಚೊಂಬಿನ ನೀರು ಯಾವ ತಂಡದ್ದು ಎಂಬುದನ್ನೂ ನಿಯಮದಲ್ಲಿ ಬರೆದಿಡಬೇಕು, ಏಕೆಂದರೆ ಮರುದಿನ ತಮ್ಮ ಎರಡು ಬಿಂದಿಗೆ ತುಂಬಿಟ್ಟುಕೊಂಡೇ ಬರುತ್ತಾನೆ.