ಹೆಪಾರಿನ್ ಮತ್ತು ಪ್ಲೇಟ್‌ಲೆಟ್ಟುಗಳ ಕ್ಷಯ

ಪ್ರಶ್ನೆ: ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪ್ಲೇಟ್‌ಲೆಟ್ಟುಗಳನ್ನು ಕುಗ್ಗಿಸುವುದೇಕೆ?
— ಔಷಧಶಾಸ್ತ್ರದ ವಿದ್ಯಾರ್ಥಿ, ಕೊಯಮತ್ತೂರು

ಉತ್ತರ: ಹೆಪಾರಿನ್ ಸ್ವತಃ ಹೆಪ್ಪನ್ನು ತಡೆಯುವುದಲ್ಲ, ರಕ್ತದಲ್ಲಿ ಸಹಜವಾಗಿರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನನ್ನು, ಐದು ಸಕ್ಕರೆ ಘಟಕಗಳುಳ್ಳ ತನ್ನ ವಿಶಿಷ್ಟ ಭಾಗದಿಂದ ಹಿಡಿದು, ಅದರ ಆಕಾರವನ್ನು ಮಾರ್ಪಡಿಸಿ, ಅದು ಥ್ರಾಂಬಿನ್ನನ್ನು ನಿಷ್ಕ್ರಿಯಗೊಳಿಸುವ ವೇಗವನ್ನು ಸುಮಾರು 1000 ಪಟ್ಟು ಹೆಚ್ಚಿಸುವುದು.

ಅಪಾಯದ ಮೂಲ ಬೇರೆಡೆಯಿದೆ. ಋಣ ವಿದ್ಯುದಂಶದಿಂದ ತುಂಬಿದ ಹೆಪಾರಿನ್, ಪ್ಲೇಟ್‌ಲೆಟ್ಟುಗಳು ಸ್ರವಿಸುವ ಧನಾಂಶದ ಪಿಎಫ್-4 ಪ್ರೋಟೀನಿನೊಡನೆ ಕೂಡಿದಾಗ ಉಂಟಾಗುವ ಸಂಕೀರ್ಣವನ್ನು ದೇಹವು ಪರಕೀಯವೆಂದೆಣಿಸಿ, ಕೆಲವರಲ್ಲಿ ಐಜಿಜಿ ಪ್ರತಿಕಾಯಗಳನ್ನು ನಿರ್ಮಿಸುತ್ತದೆ. ಆ ಪ್ರತಿಕಾಯಗಳ ಬಾಲವು ಪ್ಲೇಟ್‌ಲೆಟ್ಟಿನ ಮೇಲಣ ಗ್ರಾಹಕಕ್ಕೆ ತಗುಲಿದೊಡನೆ ಪ್ಲೇಟ್‌ಲೆಟ್ಟು ಕೆರಳಿ, ಮತ್ತಷ್ಟು ಪಿಎಫ್-4 ಅನ್ನು ಸುರಿದು, ಸುತ್ತಲೂ ಥ್ರಾಂಬಿನ್ ಹುಟ್ಟಲು ಕಾರಣವಾಗುವುದು. ಕೆರಳಿದ ಪ್ಲೇಟ್‌ಲೆಟ್ಟುಗಳು ಹೆಪ್ಪಿನಲ್ಲಿ ಬಳಕೆಯಾಗಿ ಕುಗ್ಗುತ್ತವೆ. ಆದುದರಿಂದಲೇ ಇಲ್ಲಿ ಪ್ಲೇಟ್‌ಲೆಟ್ ಇಳಿದರೂ ರಕ್ತಸ್ರಾವ ವಿರಳ, ಹೆಪ್ಪೇ ಹೆಚ್ಚು. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ.

ಸೊಂಟದ ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬರನ್ನು ಕಲ್ಪಿಸಿಕೊಳ್ಳಿ: ಮೊದಲಲ್ಲಿ 2,40,000 ಇದ್ದ ಎಣಿಕೆ ಹೆಪಾರಿನ್ನಿನ ಏಳನೆಯ ದಿನ 90,000ಕ್ಕೆ ಇಳಿದಿದೆ, ಎಡಗಾಲಿನ ಮೀನಖಂಡ ಊದಿದೆ. ಅರ್ಧಕ್ಕಿಂತ ಹೆಚ್ಚಿನ ಇಳಿತ, 5ರಿಂದ 10 ದಿನಗಳ ಅವಧಿ, ಹೊಸ ಹೆಪ್ಪು, ಬೇರೆ ಕಾರಣದ ಅಭಾವ, ಈ ನಾಲ್ಕೂ ಕೂಡಿದರೆ ಪ್ರತಿಕಾಯ ಪರೀಕ್ಷೆಯ ಫಲಕ್ಕೆ ಕಾಯದೆ, ಸಿರೆಯ ಕೊಳವೆ ತೊಳೆಯುವ ಅಲ್ಪ ಪ್ರಮಾಣವನ್ನೂ ಬಿಡದೆ, ಹೆಪಾರಿನ್ನನ್ನು ಪೂರ್ಣವಾಗಿ ನಿಲ್ಲಿಸಬೇಕು. ನಿಲ್ಲಿಸಿದರಷ್ಟೇ ಸಾಲದು, ಹೆಪ್ಪಿನ ಪ್ರವೃತ್ತಿ ಮುಂದುವರಿಯುವುದರಿಂದ ಅರ್ಗಾಟ್ರೊಬಾನಿನಂತಹ ಅನ್ಯ ಔಷಧ ಅವಶ್ಯ. ವಾರ್ಫರಿನ್ ಮಾತ್ರ ಎಣಿಕೆ ಸುಮಾರು 1,50,000ಕ್ಕೆ ಮರಳುವತನಕ ಕೂಡದು, ಏಕೆಂದರೆ ಅದು ಮೊದಲು ಇಳಿಸುವುದು ಹೆಪ್ಪನ್ನು ತಡೆಯುವ ಪ್ರೋಟೀನ್ ಸಿ ಯನ್ನು.