ತಿಂಗಳ ಕಂತಿನ ವಿಮೆ: ನೂರಕ್ಕೆ ಎಷ್ಟು ಬಡ್ಡಿ ಕಟ್ಟುತ್ತಿದ್ದೀರಿ?

ವಿಮೆಯ ಪ್ರೀಮಿಯಂ ವರ್ಷಕ್ಕೊಮ್ಮೆ ಕಟ್ಟಬೇಕೇ, ತಿಂಗಳು ತಿಂಗಳು ಕಟ್ಟಬೇಕೇ? ಪಾಲಿಸಿ ಮಾಡಿಸುವಾಗ ಈ ಪ್ರಶ್ನೆಗೆ ಹೆಚ್ಚಿನವರು ಕೊಡುವ ಸಮಯ ಅರ್ಧ ನಿಮಿಷ. ಆದರೆ 20 ವರ್ಷದ ಪಾಲಿಸಿಯಲ್ಲಿ ಆ ಉತ್ತರದ ಖರ್ಚು 20 ವರ್ಷವೂ ಬರುತ್ತದೆ. ರಾಮನಗರದ ಗೂಡು ಬೆಳೆಗಾರ, ಚನ್ನಪಟ್ಟಣದ ಬೊಂಬೆ ಕೆಲಸಗಾರ, ಬಿಡದಿ ಕಾರ್ಖಾನೆಯ ನೌಕರ, ಈ ಮೂವರ ಕೈಗೂ ಹಣ ಬರುವ ರೀತಿ ಬೇರೆ. ಹಾಗಾಗಿ ಸರಿಯಾದ ಉತ್ತರವೂ ಬೇರೆ. ಮೊದಲು ಕೆಲವು ತಪ್ಪು ತಿಳಿವಳಿಕೆಗಳನ್ನು ಬಿಡಿಸಿಕೊಳ್ಳೋಣ.

ತಪ್ಪು ಕಲ್ಪನೆ: ವರ್ಷದ ಪ್ರೀಮಿಯಂ ಅನ್ನು 12ರಿಂದ ಭಾಗಿಸಿದರೆ ಬರುವುದೇ ತಿಂಗಳ ಕಂತು.

ಸತ್ಯ: ಹಾಗಿರುವುದು ಅಪರೂಪ. ವಿಮೆಯ ಲೆಕ್ಕ ಶುರುವಾಗುವುದೇ ವರ್ಷದ ಮೊದಲ ದಿನ ಇಡೀ ವರ್ಷದ ಹಣ ಬರುತ್ತದೆ ಎಂಬ ಎಣಿಕೆಯಿಂದ. ತಿಂಗಳ ಕಂತು ಆರಿಸಿಕೊಂಡರೆ ಕಂಪನಿಗೆ ಹಣ ತಡವಾಗಿ ಬರುತ್ತದೆ, ಅದರ ಮೇಲಿನ ಆದಾಯ ತಪ್ಪುತ್ತದೆ, 12 ಸಲ ವಸೂಲಿ ಮಾಡಬೇಕಾಗುತ್ತದೆ. ಅದಕ್ಕೆಲ್ಲ ಸೇರಿಸಿ ಕಂತನ್ನು ಸ್ವಲ್ಪ ಏರಿಸುತ್ತಾರೆ. ಕೆಲವು ಖಾಸಗಿ ಕಂಪನಿಗಳಲ್ಲಿ ತಿಂಗಳ ಕಂತು ವರ್ಷದ ಪ್ರೀಮಿಯಂನ ಶೇ. 8.75ರಷ್ಟಿರುತ್ತದೆ. 12 ತಿಂಗಳಿಗೆ ಅದು ಶೇ. 105 ಆಯಿತು.

ಎಲ್‌ಐಸಿಯ ಹಲವು ಯೋಜನೆಗಳಲ್ಲಿ ಇದೇ ವ್ಯವಹಾರ ರಿಯಾಯಿತಿಯ ರೂಪದಲ್ಲಿ ಇದೆ. ಪಟ್ಟಿಯಲ್ಲಿರುವ ದರದ ಮೇಲೆ ವಾರ್ಷಿಕ ಪಾವತಿಗೆ ಶೇ. 2, ಅರ್ಧವಾರ್ಷಿಕಕ್ಕೆ ಶೇ. 1 ರಿಯಾಯಿತಿ ಕೊಡುತ್ತಾರೆ. ಮೂರು ತಿಂಗಳ ಮತ್ತು ತಿಂಗಳ ಕಂತಿಗೆ ರಿಯಾಯಿತಿ ಇಲ್ಲ. ಹೆಚ್ಚುವರಿ ಎಂದು ರಸೀದಿಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಆದರೂ ಸಿಗಬಹುದಾಗಿದ್ದ ರಿಯಾಯಿತಿ ತಪ್ಪಿದರೆ ಅದು ನಿಮ್ಮ ಜೇಬಿನಿಂದ ಹೋದ ಹಣವೇ.

ತಪ್ಪು ಕಲ್ಪನೆ: ಶೇ. 5 ಜಾಸ್ತಿ ಎಂದರೆ ಬಡ್ಡಿ ಶೇ. 5.

ಸತ್ಯ: ಬಡ್ಡಿ ಅದರ ಎರಡರಷ್ಟನ್ನೂ ದಾಟುತ್ತದೆ. ಒಂದು ಉದಾಹರಣೆಯನ್ನು ಕೊನೆಯವರೆಗೆ ಬಿಡಿಸಿ ನೋಡೋಣ. ವ್ಯಕ್ತಿಗತ ಜೀವ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲದಿರುವುದರಿಂದ ತೆರಿಗೆಯ ತೊಡಕು ಬೇಡ.

ವರ್ಷಕ್ಕೊಮ್ಮೆ ಕಟ್ಟಿದರೆ 12,000 ರೂಪಾಯಿ. ತಿಂಗಳಿಗಾದರೆ ಶೇ. 8.75ರಂತೆ 1,050 ರೂಪಾಯಿ, ವರ್ಷಕ್ಕೆ 12,600. ವ್ಯತ್ಯಾಸ 600 ರೂಪಾಯಿ. ಈಗ ಇದನ್ನು ಸಾಲ ಎಂದುಕೊಳ್ಳಿ. ಮೊದಲ ದಿನ ನೀವು ಕೊಡಬೇಕಿದ್ದದ್ದು 12,000, ಕೊಟ್ಟದ್ದು 1,050. ಬಾಕಿ ಉಳಿದ 10,950 ರೂಪಾಯಿಯೇ ಸಾಲ. ಅದನ್ನು 1,050ರ 11 ಕಂತುಗಳಲ್ಲಿ ತೀರಿಸುತ್ತೀರಿ. ಸಾಲ ಪ್ರತಿ ತಿಂಗಳೂ ಕರಗುತ್ತಾ ಹೋಗುತ್ತದೆ, ಕೊನೆಯ ತಿಂಗಳಲ್ಲಿ ಏನೂ ಇರುವುದಿಲ್ಲ. ಹಾಗಾಗಿ ವರ್ಷದ ಸರಾಸರಿ ಸಾಲ 12,000 ಅಲ್ಲ, ಸುಮಾರು 5,550 ಮಾತ್ರ. 600 ರೂಪಾಯಿ ಬಡ್ಡಿ ಬಿದ್ದಿರುವುದು ಅಷ್ಟರ ಮೇಲೆ. ಅಂದರೆ ವರ್ಷಕ್ಕೆ ಸುಮಾರು ಶೇ. 10.8. ನಮ್ಮ ಊರ ಮಾತಿನಲ್ಲಿ ಹೇಳುವುದಾದರೆ, ನೂರಕ್ಕೆ ತಿಂಗಳಿಗೆ 90 ಪೈಸೆ ಬಡ್ಡಿ.

ಕಂತಿಗೆ ಎಷ್ಟು ಬಡ್ಡಿ ಬೀಳುತ್ತಿದೆ ಎಂದು ಮನೆಯಲ್ಲೇ ಅಂದಾಜು ಮಾಡುವುದು ಸುಲಭ. 12 ಕಂತುಗಳ ಮೊತ್ತ ವಾರ್ಷಿಕ ಪ್ರೀಮಿಯಂಗಿಂತ ಶೇಕಡಾ ಎಷ್ಟು ಹೆಚ್ಚಿದೆ ಎಂದು ನೋಡಿ, ಅದನ್ನು 2.2ರಿಂದ ಗುಣಿಸಿ. ಶೇ. 3 ಹೆಚ್ಚಿದ್ದರೆ ಬಡ್ಡಿ ಸುಮಾರು ಆರೂವರೆ, ಶೇ. 5 ಇದ್ದರೆ ಹನ್ನೊಂದರ ಹತ್ತಿರ.

ತಪ್ಪು ಕಲ್ಪನೆ: ಹಾಗಾದರೆ ಸಾಲ ಮಾಡಿಯಾದರೂ ವರ್ಷಕ್ಕೊಮ್ಮೆ ಕಟ್ಟುವುದೇ ಲಾಭ.

ಸತ್ಯ: ಆ ಹಣ ನಿಮಗೆ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಕೈಸಾಲಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ. 24. ಆ ಸಾಲ ತಂದು ವಾರ್ಷಿಕ ಪ್ರೀಮಿಯಂ ಕಟ್ಟಿದರೆ, 90 ಪೈಸೆಯ ಬಡ್ಡಿ ತಪ್ಪಿಸಲು ಎರಡು ರೂಪಾಯಿ ಬಡ್ಡಿ ಕೊಟ್ಟಂತೆ. ಅಂಥವರಿಗೆ ತಿಂಗಳ ಕಂತೇ ಅಗ್ಗ.

ಎಲ್‌ಐಸಿಯ ಶೇ. 2ರ ರಿಯಾಯಿತಿಯನ್ನೂ ಇದೇ ತಕ್ಕಡಿಗೆ ಹಾಕಿ ನೋಡಿ. ಪಟ್ಟಿಯ ದರ 30,000 ಇದ್ದರೆ ವಾರ್ಷಿಕ 29,400, ತಿಂಗಳಿಗೆ 2,500. ಇಲ್ಲಿ ಅಡಗಿರುವ ಬಡ್ಡಿ ಸುಮಾರು ಶೇ. 4.4, ಅಂದರೆ ನೂರಕ್ಕೆ ತಿಂಗಳಿಗೆ 37 ಪೈಸೆ. ಹಣ ಉಳಿತಾಯ ಖಾತೆಯಲ್ಲಿ ಸುಮ್ಮನೆ ಬಿದ್ದಿದ್ದರೆ ವರ್ಷಕ್ಕೊಮ್ಮೆ ಕಟ್ಟುವುದು ಮೇಲು. ಅದೇ ಹಣ ಅದಕ್ಕಿಂತ ಹೆಚ್ಚಿನ ಬಡ್ಡಿಯ ಠೇವಣಿಯಲ್ಲಿದ್ದರೆ, ಅಥವಾ ಅದರಿಂದ ಚಿನ್ನದ ಸಾಲ ತೀರುವಂತಿದ್ದರೆ, ಪ್ರೀಮಿಯಂ ತಿಂಗಳಿಗೇ ಇರಲಿ.

ತಪ್ಪು ಕಲ್ಪನೆ: ತಿಂಗಳ ಕಂತಿನವರು ನಡುವೆ ತೀರಿಕೊಂಡರೆ ಮುಂದಿನ ಕಂತುಗಳ ಹಣ ಮನೆಯವರಿಗೆ ಉಳಿಯುತ್ತದೆ.

ಸತ್ಯ: ಹಲವು ಪಾಲಿಸಿಗಳಲ್ಲಿ ಉಳಿಯುವುದಿಲ್ಲ. ಆ ಪಾಲಿಸಿ ವರ್ಷ ಮುಗಿಯುವವರೆಗಿನ ಬಾಕಿ ಕಂತುಗಳನ್ನು ಮುರಿದುಕೊಂಡು ಉಳಿದದ್ದನ್ನು ಕೊಡುವ ನಿಯಮ ಇರುತ್ತದೆ. 2,500ರ ನಾಲ್ಕು ಕಂತು ಕಟ್ಟಿದ ಮೇಲೆ ಸಾವು ಬಂದರೆ ಉಳಿದ ಎಂಟು ಕಂತಿನ 20,000 ರೂಪಾಯಿ ಕಡಿತವಾಗುತ್ತದೆ. ತಿಂಗಳ ಕಂತು ನಿಜಕ್ಕೂ ವರ್ಷದ ಪ್ರೀಮಿಯಂ ಮೇಲಿನ ಸಾಲವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ನಿಮ್ಮ ಪಾಲಿಸಿಯ ಷರತ್ತುಗಳಲ್ಲಿ ಈ ಕಡಿತದ ನಿಯಮವನ್ನು ಹುಡುಕಿ ಓದಿಕೊಳ್ಳಿ.

ತಪ್ಪು ಕಲ್ಪನೆ: ಬಡ್ಡಿಯೊಂದೇ ತಿಂಗಳ ಕಂತಿನ ಖರ್ಚು.

ಸತ್ಯ: ನಮ್ಮ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯ ಕಂತು ತಪ್ಪುವುದು. ಜೀವ ವಿಮೆಯಲ್ಲಿ ವಾರ್ಷಿಕ, ಅರ್ಧವಾರ್ಷಿಕ ಕಂತಿಗೆ 30 ದಿನದ ವಾಯಿದೆ ಇದ್ದರೆ, ತಿಂಗಳ ಕಂತಿಗೆ 15 ದಿನ ಮಾತ್ರ. ತಿಂಗಳ ಕಂತು ಸಾಮಾನ್ಯವಾಗಿ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಹಿಪ್ಪುನೇರಳೆ ತೋಟ ಇಟ್ಟುಕೊಂಡು ವರ್ಷಕ್ಕೆ ಐದು ಬೆಳೆ ತೆಗೆಯುವವರಿಗೆ ಹಣ ಬರುವುದು ಎರಡು ತಿಂಗಳಿಗೂ ಮೀರಿ ಒಂದು ಸಲ. ಒಂದು ಬೆಳೆಗೆ ಹಾಲುಬಾಧೆಯೋ ಸಪ್ಪೆರೋಗವೋ ಬಿದ್ದರೆ ನಾಲ್ಕು ತಿಂಗಳು ಖಾತೆ ಬರಿದು. ಕಡಿತದ ದಿನ ಖಾತೆಯಲ್ಲಿ ಹಣ ಇಲ್ಲದಿದ್ದರೆ ಬ್ಯಾಂಕಿನ ದಂಡ ಬೀಳುತ್ತದೆ. ಅದು ಒಂದು ಸಲಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೂ ಎರಡು ಸಲ ತಪ್ಪಿದರೆ ಮೇಲಿನ ಉದಾಹರಣೆಯ ಇಡೀ ವರ್ಷದ ಬಡ್ಡಿಗೆ ಸಮ. ವಾಯಿದೆಯೂ ಮುಗಿದರೆ ಪಾಲಿಸಿ ನಿಂತುಹೋಗುತ್ತದೆ. ಮತ್ತೆ ಚಾಲೂ ಮಾಡಲು ಬಡ್ಡಿ ಕಟ್ಟಬೇಕು, ಕೆಲವೊಮ್ಮೆ ಆರೋಗ್ಯ ತಪಾಸಣೆಯನ್ನೂ ಮಾಡಿಸಬೇಕು. ಆ ಅವಧಿಯಲ್ಲಿ ಸಾವು ಬಂದರೆ ಮನೆಯವರಿಗೆ ಪೂರ್ತಿ ವಿಮಾ ಮೊತ್ತ ಸಿಗದೇ ಹೋಗಬಹುದು.

ಗೂಡಿನ ಹಣ ಬರುವ ಮನೆಗೆ ಅರ್ಧವಾರ್ಷಿಕ ಅಥವಾ ವಾರ್ಷಿಕವೇ ಹೊಂದುತ್ತದೆ, ಒಳ್ಳೆಯ ಬೆಲೆ ಸಿಕ್ಕ ಬೆಳೆಯಲ್ಲಿ ಪ್ರೀಮಿಯಂ ತೆಗೆದಿಟ್ಟರೆ. ಕೆಲಸ ಸಿಕ್ಕಂತೆ ಕೂಲಿ ಪಡೆಯುವ ಬೊಂಬೆ ಕೆಲಸಗಾರರಿಗೆ ಅರ್ಧವಾರ್ಷಿಕದ ದೊಡ್ಡ ಮೊತ್ತ ಒಮ್ಮೆಲೇ ಕಷ್ಟವಾದರೆ ಮೂರು ತಿಂಗಳ ಕಂತು ಕೇಳಬಹುದು. ಎಲ್‌ಐಸಿಯಲ್ಲಿ ಅದಕ್ಕೂ ತಿಂಗಳಿಗೂ ದರ ಒಂದೇ, ವಾಯಿದೆ ಮಾತ್ರ ಇಮ್ಮಡಿ. ಬಿಡದಿಯ ಸಂಬಳದಾರರಿಗೆ, ಕನಕಪುರ, ಮಾಗಡಿಯಲ್ಲಿ ಡೇರಿಯ ಬಟವಾಡೆ ತಪ್ಪದೆ ಪಡೆಯುವವರಿಗೆ ತಿಂಗಳ ಕಂತು ತಪ್ಪುವ ಭಯ ಕಡಿಮೆ. ಅವರು ಬಡ್ಡಿಯ ಲೆಕ್ಕವೊಂದನ್ನೇ ನೋಡಿದರೆ ಸಾಕು.

ಈಗಾಗಲೇ ಪಾಲಿಸಿ ಇರುವವರೂ ಕಂತಿನ ರೀತಿ ಬದಲಿಸಬಹುದು. ಪಾಲಿಸಿಯ ವಾರ್ಷಿಕ ದಿನಾಂಕಕ್ಕೆ ಮೊದಲೇ ಶಾಖೆಗೆ ಹೋಗಿ ವಾರ್ಷಿಕ, ಅರ್ಧವಾರ್ಷಿಕ, ಮೂರು ತಿಂಗಳ ಮತ್ತು ತಿಂಗಳ ಕಂತಿನ ಮೊತ್ತಗಳನ್ನು ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಪ್ರತಿಯೊಂದರ ವರ್ಷದ ಒಟ್ಟು ಮೊತ್ತ ಹಾಕಿ, ತಿಂಗಳ ಕಂತಿನ ಹೆಚ್ಚುವರಿಯನ್ನು 2.2ರಿಂದ ಗುಣಿಸಿ. ಬಂದ ಬಡ್ಡಿಯನ್ನು ನಿಮ್ಮ ಠೇವಣಿಯ ಬಡ್ಡಿಗೂ ನಿಮ್ಮ ಸಾಲದ ಬಡ್ಡಿಗೂ ಹೋಲಿಸಿದ ಮೇಲೆಯೇ ಅರ್ಜಿಗೆ ಸಹಿ ಹಾಕಿ.